ಮೂರು ನಿಮಿಷದ ಸ್ವಾಗತ, ಎಪ್ಪತ್ತು ಗೀಸರ್

ಕೊಡಗಿನ ಆಗಸ್ಟ್ ಮಳೆಗೆ ಪ್ರವಾಸಿಗರು ಹೆದರುತ್ತಾರೆ, ಸಮ್ಮೇಳನದವರು ಹೆದರುವುದಿಲ್ಲ. ಆ ತಿಂಗಳು ರೂಮಿನ ಬಾಡಿಗೆ ಇಳಿದಿರುತ್ತದೆ, ವಾರದ ನಡುವೆ ಇಡೀ ರೆಸಾರ್ಟ್ ಖಾಲಿ ಸಿಗುತ್ತದೆ, ಹೊರಗೆ ಸುತ್ತಾಡಲು ಆಗದ್ದರಿಂದ ಬಂದವರೆಲ್ಲ ಹಾಲ್‌ನಲ್ಲೇ ಕೂತಿರುತ್ತಾರೆ. ಸಂಘಟಕರಿಗೆ ಇನ್ನೇನು ಬೇಕು? ಮಡಿಕೇರಿಯಿಂದ ಅನತಿ ದೂರದ ಕಾಫಿ ತೋಟದ ನಡುವಿನ ರೆಸಾರ್ಟೊಂದರಲ್ಲಿ ನಾನು ಮ್ಯಾನೇಜರ್ ಆಗಿದ್ದಾಗ ಇಂಥ ತಂಡಗಳು ಮಳೆಗಾಲಪೂರ್ತಿ ಬರುತ್ತಿದ್ದವು. ಮೊದಲ ಸಂಜೆ ಅವರಿಗೆ ಸ್ವಾಗತ ಕೋರುವುದು ನನ್ನ ಕೆಲಸ.

ಈ ಮಾತನ್ನು ಸಮ್ಮೇಳನದ ಉದ್ಘಾಟನೆಯ ಸ್ವಾಗತ ಭಾಷಣ ಅಂದುಕೊಳ್ಳಬಾರದು. ಅದು ಸಂಘದ ಕಾರ್ಯದರ್ಶಿಯದು. ವೇದಿಕೆಯ ಗಣ್ಯರ ಹೆಸರು, ಹಾರ, ನೆನಪಿನ ಕಾಣಿಕೆ ಎಲ್ಲ ಅವರ ಲೆಕ್ಕ. ಮ್ಯಾನೇಜರನದು ಮನೆಯವನ ಮಾತು. ನೆಂಟರು ಜಗಲಿಗೆ ಬಂದಾಗ ಮನೆಯವರು ಏನು ಹೇಳುತ್ತಾರೆ? ಕಾಲು ತೊಳೆಯಲು ನೀರು ಅಲ್ಲಿದೆ, ಬಚ್ಚಲು ಆ ಕಡೆ, ಅಡುಗೆ ಆಗಿದೆ, ನಾಯಿ ಕಚ್ಚುವುದಿಲ್ಲ. ಮನೆತನದ ಇತಿಹಾಸ ಹೇಳುತ್ತಾ ನಿಲ್ಲುವುದಿಲ್ಲ. ನನಗೆ ಇದು ತಿಳಿಯುವುದಕ್ಕೆ ಒಂದು ಕೆಟ್ಟ ಬೆಳಗ್ಗೆ ಬೇಕಾಯಿತು.

ಆ ಸಲ ಬಂದವರು ನೂರ ನಲವತ್ತು ಮಂದಿ. ಹೋಟೆಲಿನವರ ಭಾಷೆಯಲ್ಲಿ ನೂರ ನಲವತ್ತು ಪ್ಯಾಕ್ಸ್, ಟ್ವಿನ್ ಶೇರಿಂಗ್, ಅಂದರೆ ಎಪ್ಪತ್ತು ರೂಮು, ರೂಮಿಗಿಬ್ಬರು. ನಾನು ಹನ್ನೊಂದು ನಿಮಿಷ ಮಾತಾಡಿದೆ. ತೋಟ ಯಾವ ಕಾಲದ್ದು, ಮಾಲೀಕರ ಅಜ್ಜ ಅದನ್ನು ಹೇಗೆ ಕೊಂಡರು, ರೆಸಾರ್ಟಿಗೆ ಯಾವ ಪ್ರಶಸ್ತಿ ಬಂದಿದೆ, ಸ್ಪಾದಲ್ಲಿ ಡೆಲಿಗೇಟುಗಳಿಗೆ ಎಷ್ಟು ರಿಯಾಯಿತಿ, ಇಷ್ಟೂ ಹೇಳಿದೆ. ಅತಿಥಿಯನ್ನು ದೇವರೆಂದ ಉಪನಿಷತ್ತಿನ ಮಾತನ್ನೂ ತಂದೆ. ಅದಿಲ್ಲದ ರೆಸಾರ್ಟ್ ಭಾಷಣವನ್ನು ನಾನು ಇವತ್ತಿಗೂ ಕೇಳಿಲ್ಲ. ಚಪ್ಪಾಳೆ ಬಿತ್ತು. ನಮ್ಮ ಮಾಲೀಕರು ದೂರದಿಂದಲೇ ತಲೆಯಾಡಿಸಿದರು.

ಮರುದಿನ ಬೆಳಗ್ಗೆ ಆರೂ ಐವತ್ತಕ್ಕೆ ಕರೆಂಟ್ ಹೋಯಿತು. ಮಳೆಗಾಲದಲ್ಲಿ ಅದು ಸುದ್ದಿಯೇ ಅಲ್ಲ. ಎಲ್ಲೋ ಮರದ ಕೊಂಬೆ ಲೈನಿನ ಮೇಲೆ ಬಿದ್ದಿರುತ್ತದೆ. ಜನರೇಟರ್ ಶುರುವಾಯಿತು, ಹದಿನೈದು ನಿಮಿಷ ಓಡಿತು, ಟ್ರಿಪ್ ಆಯಿತು. ಮತ್ತೆ ಹಾಕಿದರೆ ಮತ್ತೆ ಟ್ರಿಪ್. ಎಪ್ಪತ್ತು ರೂಮಿನಲ್ಲಿ ತಲೆಗೆ ಸೋಪು ಹಚ್ಚಿಕೊಂಡವರು ಎಷ್ಟು ಮಂದಿ ಇದ್ದರೋ, ರಿಸೆಪ್ಷನ್ನಿನ ಫೋನು ಒಂದೇ ಸಮನೆ ಬಾರಿಸತೊಡಗಿತು. ಎಂಟೂವರೆಗೆ ಎಲ್ಲರೂ ಸಿಟ್ಟಿನಿಂದ ಒಟ್ಟಿಗೆ ತಿಂಡಿಗೆ ಬಂದರು. ದೋಸೆ ಕಾವಲಿಯ ಮುಂದೆ ಬಾಗಿಲ ತನಕ ಸಾಲು. ಒಂಬತ್ತಕ್ಕೆ ಶುರುವಾಗಬೇಕಿದ್ದ ಗೋಷ್ಠಿ ಹತ್ತು ದಾಟಿತು. ಸಂಜೆ ಲಾಗ್ ಪುಸ್ತಕ ತೆಗೆದು ಎಣಿಸಿದೆ: ದೂರು ಮೂವತ್ತೊಂದು, ಅದರಲ್ಲಿ ಹದಿನೇಳು ಬಿಸಿನೀರಿನದು.

ಜನರೇಟರ್ ನೋಡಿಕೊಳ್ಳುವ ಹುಡುಗ ಹಾಲ್‌ನ ಹಿಂದೆ ಒರೆಸುವ ಬಟ್ಟೆ ಹಿಡಿದು ನಿಂತಿದ್ದ. ಏನಾಯ್ತೋ ಎಂದೆ. "ಸಾರ್, ಮೂವತ್ತು ಗೀಸರ್ ಹಾಕಿದ್ರೆ ಎಳೀತದೆ. ಎಪ್ಪತ್ತೂ ಒಟ್ಟಿಗೆ ಹಾಕಿದ್ರೆ ಅದೇನು ಮಾಡ್ತದೆ, ಪಾಪ" ಎಂದ.

ಅವನ ಮಾತಿನಲ್ಲಿ ಪೂರ್ತಿ ಲೆಕ್ಕವಿತ್ತು. ನಮ್ಮದು 125 ಕೆವಿಎ ಜನರೇಟರ್. ಅದರಿಂದ ಬಳಸಲು ಸಿಗುವುದು ಹೆಚ್ಚೆಂದರೆ 100 ಕಿಲೋವ್ಯಾಟ್. ಅಡುಗೆಮನೆ, ಕೋಲ್ಡ್ ಸ್ಟೋರೇಜ್, ಪಂಪು, ದೀಪ ಇವೆಲ್ಲ ಸೇರಿ 40 ನುಂಗುತ್ತವೆ. ಮಿಕ್ಕ 60ರಲ್ಲಿ 2 ಕಿಲೋವ್ಯಾಟಿನ ಗೀಸರು ಮೂವತ್ತು ಓಡಬಹುದು. ಎಪ್ಪತ್ತೂ ಓಡಬೇಕಾದರೆ ಗೀಸರಿಗೇ 140 ಬೇಕು. ಸೋಲಾರ್ ಇದೆಯಲ್ಲ ಎನ್ನಬಹುದು. ಕೊಡಗಿನ ಆಗಸ್ಟಿನಲ್ಲಿ ಸೋಲಾರ್ ಫಲಕ ಚಾವಣಿಯ ಅಲಂಕಾರ ಅಷ್ಟೆ.

ಸರಿಯಾದ ಪರಿಹಾರ ವೈರಿಂಗಿನಲ್ಲಿದೆ. ಗೀಸರ್‌ಗಳನ್ನು ಎರಡು ಮೂರು ಪಂಗಡ ಮಾಡಿ ಜನರೇಟರ್ ಓಡುವಾಗ ಒಂದೊಂದು ಪಂಗಡಕ್ಕೆ ಸರದಿಯಲ್ಲಿ ವಿದ್ಯುತ್ ಹೋಗುವಂತೆ ಮಾಡಬೇಕು. ಅದಕ್ಕೆ ಎಸ್ಟಿಮೇಟ್ ಹಾಕಿಸಿದ್ದೆ. ಎಸ್ಟಿಮೇಟ್ ಮಾಲೀಕರ ಮೇಜಿನ ಮೇಲೆ ಮಲಗಿತ್ತು. ಅದು ಏಳುವ ತನಕ ನನ್ನ ಕೈಯಲ್ಲಿ ಖರ್ಚಿಲ್ಲದ ಒಂದೇ ಉಪಕರಣ ಇತ್ತು: ಮೊದಲ ಸಂಜೆಯ ಆ ಭಾಷಣ. ಎರಡು ದಿನದಲ್ಲಿ ಆ ನೂರ ನಲವತ್ತು ಮಂದಿ ಒಂದೇ ಕಡೆ ಕೂತು ನನ್ನ ಮುಖ ನೋಡುವುದು ಆ ಮೂರು ನಿಮಿಷ ಮಾತ್ರ. ಅದರಲ್ಲಿ ಮಾಲೀಕರ ಅಜ್ಜನ ಕಥೆ ಹೇಳಿ ಮುಗಿಸಿದ್ದೆ.

ಅಂದಿನಿಂದ ಭಾಷಣವನ್ನು ಲಾಗ್ ಪುಸ್ತಕದಿಂದ ಬರೆಯತೊಡಗಿದೆ. ಹಿಂದಿನ ಮೂರ್ನಾಲ್ಕು ತಂಡಗಳ ಮೊದಲ ರಾತ್ರಿ ಮತ್ತು ಮೊದಲ ಬೆಳಗಿನ ದೂರುಗಳನ್ನು ಒಂದು ಹಾಳೆಗೆ ಇಳಿಸುತ್ತಿದ್ದೆ. ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ: ಇದನ್ನು ಮೊದಲೇ ಹೇಳಿದ್ದರೆ ತಪ್ಪುತ್ತಿತ್ತೇ? ತಪ್ಪುತ್ತಿತ್ತು ಎನ್ನುವಂಥವು ಹದಿನೈದಾದರೂ ಸಿಗುತ್ತವೆ. ಆದರೆ ದಿನವಿಡೀ ಬಸ್ಸಿನಲ್ಲಿ ಬಂದು ಹಸಿದು ಕೂತವರ ತಲೆಯಲ್ಲಿ ಐದರ ಮೇಲೆ ಆರನೆಯದು ನಿಲ್ಲುವುದಿಲ್ಲ. ಇದು ನನ್ನ ಅನುಭವದ ಲೆಕ್ಕ. ಹಾಗಾಗಿ ಜರಡಿ ಹಿಡಿಯಬೇಕು. ಎಲ್ಲರೂ ಸೇರಿ ಹೊತ್ತು ಹೊಂದಿಸಿಕೊಳ್ಳಬೇಕಾದ ಸಂಗತಿ ಭಾಷಣಕ್ಕೆ: ಸ್ನಾನ, ತಿಂಡಿ. ಅಕ್ಷರ ತಪ್ಪಬಾರದ್ದು ಕಾಗದಕ್ಕೆ: ವೈಫೈ ಪಾಸ್‌ವರ್ಡ್, ಬಸ್ಸಿನ ಚಾಲಕನ ನಂಬರು. ಪಾಸ್‌ವರ್ಡನ್ನು ಮೈಕಿನಲ್ಲಿ ಹೇಳಹೊರಟವರನ್ನು ನೋಡಿದ್ದೇನೆ. ದೊಡ್ಡ ಅಕ್ಷರವೋ ಚಿಕ್ಕದೋ ಎಂಬ ಚರ್ಚೆಯಲ್ಲೇ ಸಭೆ ಕರಗಿಹೋಗುತ್ತದೆ. ಅದು ಬೀಗದ ಕೈ ಕೊಡುವ ಲಕೋಟೆಯ ಮೇಲೆ ಅಚ್ಚಾಗಿರಬೇಕು. ಇನ್ನು ಒಬ್ಬಿಬ್ಬರಿಗೆ ಮಾತ್ರ ಬೇಕಾದದ್ದು, ಇನ್ಸುಲಿನ್ ಇಡಲು ಫ್ರಿಜ್ಜು, ಮೆಟ್ಟಿಲು ಹತ್ತಲಾಗದವರಿಗೆ ಕೆಳಗಿನ ರೂಮು, ಇವು ರಿಸೆಪ್ಷನ್ನಿನಲ್ಲಿ ಕೇಳಿ ಬಗೆಹರಿಸುವಂಥವು.

ಮುಂದಿನ ವರ್ಷ ಪಶುವೈದ್ಯರ ತಂಡವೊಂದು ಬಂತು. ಅದೇ ನೂರ ನಲವತ್ತು ಮಂದಿ, ಅದೇ ಎಪ್ಪತ್ತು ರೂಮು, ಅದೇ ಜನರೇಟರ್. ಚಾಮರಾಜನಗರದಿಂದ ಬೀದರ್ ತನಕದವರಿದ್ದರು. ಬೀದರಿನವರು ಹಿಂದಿನ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಆರೇಳು ಗಂಟೆ ಕೂತು ಬಂದಿದ್ದರು. ಸಂಘದ ಕಾರ್ಯದರ್ಶಿಯವರ ಜೊತೆ ಫಂಕ್ಷನ್ ಪ್ರಾಸ್ಪೆಕ್ಟಸ್ ಮುಂದಿಟ್ಟುಕೊಂಡು ಕೂತೆ. ನಮ್ಮವರು ಎಫ್‌ಪಿ ಎನ್ನುವ ಈ ಹಾಳೆಯಲ್ಲಿ ಯಾವ ಹೊತ್ತಿಗೆ ಏನು, ಎಷ್ಟು ಜನಕ್ಕೆ, ಯಾವ ಹಾಲ್, ಎಂಥ ಊಟ ಎಲ್ಲ ಇರುತ್ತದೆ. ಅದರಲ್ಲಿ ನನ್ನ ಮಾತು "ರಾತ್ರಿ 8.30, ಊಟದ ನಡುವೆ" ಎಂದಿತ್ತು. ಬೇಡವೆಂದೆ. ತಟ್ಟೆ ಕೈಗೆ ಬಂದ ಮೇಲೆ, ಅದಕ್ಕೂ ಮೊದಲು ಬಾರ್ ಕೌಂಟರ್ ತೆರೆದ ಮೇಲೆ, ಯಾರ ಕಿವಿಯೂ ನಮ್ಮದಲ್ಲ. ಸಂಜೆ ಆರೂವರೆಗೆ ಚಹಾ ಬಜ್ಜಿ, ಏಳಕ್ಕೆ ಎಲ್ಲರೂ ಕುರ್ಚಿಯಲ್ಲಿ, ಮೊದಲು ನಾನು, ಆಮೇಲೆ ಅವರ ಸಂಘದ ಮಾತು, ಎಂಟಕ್ಕೆ ಊಟ ಎಂದು ತಿದ್ದಿಸಿದೆ.

ಮಾಲೀಕರು ಆರು ನಿಮಿಷದ ಒಂದು ವಿಡಿಯೋ ಮಾಡಿಸಿಟ್ಟಿದ್ದರು, ತೋಟದ ಮೇಲೆ ಡ್ರೋನ್ ಹಾರುವಂಥದ್ದು. ಅದನ್ನು ತೋರಿಸಲೇಬೇಕು ಎಂದರು. ಊಟದ ಹೊತ್ತಿಗೆ ಗೋಡೆಯ ಮೇಲೆ ಸದ್ದಿಲ್ಲದೆ ಓಡಿಸೋಣ ಎಂದು ಒಪ್ಪಿಸಿದೆ. ಮ್ಯಾನೇಜರನ ಅರ್ಧ ಕೆಲಸ ಇಂಥದ್ದೇ.

ಮಧ್ಯಾಹ್ನ ಹಾಲ್‌ಗೆ ಹೋಗಿ ಮೈಕ್ ನೋಡಿದೆ. ನಮ್ಮ ಹಾಲ್‌ನ ಚಾವಣಿ ತಗಡಿನದು. ಜೋರು ಮಳೆ ಬಂದರೆ ಒಳಗೆ ನೂರು ಜನ ಒಟ್ಟಿಗೆ ಡೋಲು ಬಾರಿಸಿದ ಹಾಗೆ. ಮೈಕಿನ ದನಿ ಮೂರನೇ ಸಾಲಿಗೆ ಮುಟ್ಟುವುದಿಲ್ಲ. ಹಾಗೆಂದು ಸದ್ದು ಏರಿಸಿದರೆ ಸ್ಪೀಕರು ಕೂಗುತ್ತದೆ. ಸ್ಪೀಕರಿಗಿಂತ ಮುಂದೆ ಬಂದು ನಿಂತರೆ ಮೈಕು ತನ್ನದೇ ದನಿಯನ್ನು ಮತ್ತೆ ಹೀರಿಕೊಂಡು ಕಿರುಚುವುದು ಖಂಡಿತ. ಸ್ಪೀಕರಿನ ಹಿಂದೆ ನಿಲ್ಲಬೇಕು, ಮೈಕು ಬಾಯಿಯಿಂದ ನಾಲ್ಕು ಬೆರಳು ದೂರ ಇರಬೇಕು. "ಹಲೋ, ಹಲೋ" ಎಂದು ತಟ್ಟುವುದರಿಂದ ತಿಳಿಯುವುದೇನೂ ಇಲ್ಲ. ಹೌಸ್‌ಕೀಪಿಂಗಿನ ಅಕ್ಕನನ್ನು ಕೊನೆಯ ಕುರ್ಚಿಯಲ್ಲಿ ಕೂರಿಸಿ ಮೂರು ಸಂಖ್ಯೆ ಹೇಳಿದೆ. ಅವರು ತಿರುಗಿ ಹೇಳಿದ್ದು ಎರಡು ಸರಿ, ಒಂದು ತಪ್ಪು. ಹಿಂದಿನ ಮೂಲೆಗೆ ಇನ್ನೊಂದು ಸ್ಪೀಕರು ಬಂತು.

ಏಳಕ್ಕೆ ಐದು ನಿಮಿಷ ಇರುವಾಗ ಮಳೆ ಸ್ವಲ್ಪ ತೆಳುವಾಯಿತು. ನಾನು ಹೇಳಿದ್ದು ಇಷ್ಟು:

"ನಮಸ್ಕಾರ. ದಾರಿಯಲ್ಲಿ ತಿರುವು ಜಾಸ್ತಿ, ಮಳೆ ಇನ್ನೂ ಜಾಸ್ತಿ. ಬೀದರಿನವರು ಮನೆ ಬಿಟ್ಟು ಇವತ್ತಿಗೆ ಎರಡನೇ ದಿನ. ಎಲ್ಲರೂ ಸುಖವಾಗಿ ಬಂದಿದ್ದೀರಿ, ನಮಗೆ ಸಂತೋಷ. ನಾನು ಇಲ್ಲಿಯ ಮ್ಯಾನೇಜರ್. ಮೂರು ನಿಮಿಷ ನನ್ನ ಮಾತು, ಎಂಟಕ್ಕೆ ಊಟ.

ಊಟ ಪಕ್ಕದ ಹಾಲ್‌ನಲ್ಲಿ. ನೀವು ಒಳಗೆ ಹೋದ ಕೂಡಲೇ ಎಡಗಡೆಯದೆಲ್ಲ ಸಸ್ಯಾಹಾರ. ಬಲಗಡೆ ಮಾಂಸಾಹಾರ, ಅದರಲ್ಲಿ ಕೊನೆಯ ಪಾತ್ರೆ ಪಂದಿಕರಿ, ಅಂದರೆ ಹಂದಿಮಾಂಸ. ಅದರ ಸೌಟು ಬೇರೆ, ಅಲ್ಲಿ ನಮ್ಮವರೇ ನಿಂತು ಬಡಿಸುತ್ತಾರೆ. ಜೋಳದ ರೊಟ್ಟಿ ಇದೆಯೇ ಎಂದು ಬಸ್ಸಿಳಿಯುವಾಗಲೇ ಒಬ್ಬರು ಕೇಳಿದರು. ಇವತ್ತು ಅಕ್ಕಿರೊಟ್ಟಿ. ನಾಳೆ ಮಧ್ಯಾಹ್ನಕ್ಕೆ ಜೋಳದ್ದು ಮಾಡಿಸುತ್ತೇನೆ.

ರಾತ್ರಿ ಹತ್ತಕ್ಕೆ ಹೊರಗಿನ ಸಂಗೀತ ನಿಲ್ಲುತ್ತದೆ, ಅದು ಕಾನೂನು. ಕತ್ತಲಾದ ಮೇಲೆ ದೀಪ ಇರುವ ದಾರಿ ಬಿಟ್ಟು ತೋಟದೊಳಕ್ಕೆ ಇಳಿಯಬೇಡಿ. ಈ ಕಡೆ ಆನೆ ಓಡಾಡುತ್ತದೆ. ನಿಮಗೆ ಪ್ರಾಣಿಗಳ ಭಯವಿಲ್ಲ ಅಂತ ಗೊತ್ತು, ಆದರೆ ಅದಕ್ಕೆ ನೀವು ಡಾಕ್ಟರು ಅಂತ ಗೊತ್ತಿರುವುದಿಲ್ಲ. ಮೆಟ್ಟಿಲ ಮೇಲೆ ಪಾಚಿ ಇದೆ. ಕಂಬಿ ಹಿಡಿದು ಇಳಿಯಿರಿ.

ಈಗ ಬಿಸಿನೀರು. ನಾಳೆ ಬೆಳಗ್ಗೆ ಕರೆಂಟ್ ಹೋದರೂ ಹೋಗಬಹುದು. ಎಲ್ಲರೂ ಒಟ್ಟಿಗೆ ಗೀಸರ್ ಹಾಕಿದರೆ ಜನರೇಟರ್ ತಡೆಯುವುದಿಲ್ಲ, ಯಾರಿಗೂ ಬಿಸಿನೀರು ಸಿಗುವುದಿಲ್ಲ. ಅದಕ್ಕೆ ಕೆಳಸಾಲಿನ ಕಾಟೇಜಿನವರು ಆರರಿಂದ ಏಳು, ಮೇಲುಸಾಲಿನವರು ಏಳರಿಂದ ಎಂಟು. ಗೀಸರ್ ಹಾಕಿ ಇಪ್ಪತ್ತು ನಿಮಿಷ ಕಾಯಿರಿ. ಒಬ್ಬರ ಸ್ನಾನ ಆದ ಮೇಲೆ ಮತ್ತೆ ಇಪ್ಪತ್ತು ನಿಮಿಷ. ರೂಮಿನಲ್ಲಿ ಯಾರು ಮೊದಲು ಎಂದು ಇವತ್ತೇ ಮಾತಾಡಿಕೊಂಡುಬಿಡಿ. ತಿಂಡಿ ಏಳೂ ಕಾಲರಿಂದ ಒಂಬತ್ತು. ಬೇಗ ಬಂದವರಿಗೆ ದೋಸೆ ಕಾವಲಿಯಿಂದ ನೇರ ತಟ್ಟೆಗೆ.

ಈ ಹಾಲ್‌ಗೆ ಎರಡು ಬಾಗಿಲು. ಒಂದು ನೀವು ಬಂದದ್ದು, ಇನ್ನೊಂದು ನನ್ನ ಎಡಗಡೆ, ಹಸಿರು ದೀಪದ್ದು. ಗಂಟೆ ಬಾರಿಸಿದರೆ ಹತ್ತಿರದ ಬಾಗಿಲಿನಿಂದ ಹೊರಗೆ, ಬಸ್ಸು ನಿಂತಿರುವ ಅಂಗಳಕ್ಕೆ. ಏನೇ ಬೇಕಾದರೂ ರೂಮಿನ ಫೋನಿನಲ್ಲಿ ಒಂಬತ್ತು ಒತ್ತಿ. ರಾತ್ರಿಯೂ ಒಬ್ಬರು ಎಚ್ಚರವಿರುತ್ತಾರೆ. ಒಂಬತ್ತು."

ಗಡಿಯಾರ ನೋಡಿದರೆ ಮೂರು ನಿಮಿಷಕ್ಕೆ ಇಪ್ಪತ್ತು ಸೆಕೆಂಡ್ ಹೆಚ್ಚು. ಆನೆಯ ಮಾತಿಗೆ ನಗುತ್ತಿದ್ದವರು ಸುಮ್ಮನಾಗುವ ತನಕ ಕಾದದ್ದೂ ಅದರಲ್ಲಿ ಸೇರಿದೆ.

ಬಿಸಿನೀರಿನ ಮಾತಿನಲ್ಲಿ ಎರಡು ಸಂಗತಿ ಇದ್ದವು, ಎರಡೂ ಲೆಕ್ಕ ಹಾಕಿ ಹೇಳಿದವು. 15 ಲೀಟರಿನ ಗೀಸರು 20 ಡಿಗ್ರಿ ತಣ್ಣೀರನ್ನು 60ಕ್ಕೆ ಏರಿಸಲು 2 ಕಿಲೋವ್ಯಾಟಿನಲ್ಲಿ ಸುಮಾರು ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತದೆ. ಆ 15 ಲೀಟರಿಗೆ ಅಷ್ಟೇ ತಣ್ಣೀರು ಬೆರೆಸಿದರೆ ಮೀಯುವ ಹದದ 30 ಲೀಟರು. ಬಕೆಟ್ ಲೆಕ್ಕದಲ್ಲಿ ಅದು ಒಂದೂವರೆ ಬಕೆಟ್, ಷವರಿನಲ್ಲಾದರೆ ಮೂರು ನಾಲ್ಕು ನಿಮಿಷಕ್ಕೆ ಮುಗಿದೇಹೋಯಿತು. ಎರಡನೆಯವರು ತಣ್ಣೀರಿಗೆ ಸಿಕ್ಕಿಬೀಳುವುದು ಇಲ್ಲೇ. ಟ್ವಿನ್ ಶೇರಿಂಗ್‌ನಲ್ಲಿ ಎಷ್ಟೋ ಸಲ ಇಬ್ಬರೂ ಅಪರಿಚಿತರು, ಒಬ್ಬರು ಹಿರಿಯ ಅಧಿಕಾರಿ, ಇನ್ನೊಬ್ಬರು ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವರು. ಕಿರಿಯರು ಹೇಳಲಾರರು, ನಡುಗುತ್ತಾ ಮಿಂದು ಬಂದು ರೆಸಾರ್ಟಿನ ಮೇಲೆ ದೂರು ಬರೆಯುತ್ತಾರೆ. "ಇವತ್ತೇ ಮಾತಾಡಿಕೊಳ್ಳಿ" ಎಂದದ್ದು ಅವರಿಗಾಗಿ. ಇನ್ನೊಂದು ಸಂಗತಿ ಸರದಿಯದು. ಮೂವತ್ತೈದು ರೂಮಿನವರು ಒಂದು ಗಂಟೆಯಲ್ಲಿ ಹಂಚಿಕೊಂಡು ಎರಡೆರಡು ಸಲ ಗೀಸರ್ ಹಾಕಿದರೂ ಒಂದು ಹೊತ್ತಿಗೆ ಓಡುವುದು ಸುಮಾರು ಇಪ್ಪತ್ತಮೂರು. ಹುಡುಗ ಹೇಳಿದ ಮೂವತ್ತರ ಒಳಗೇ ಬಂತು.

ತಿಂಡಿಯ ಲೆಕ್ಕ ಇದಕ್ಕಿಂತ ಒರಟು. ನಮ್ಮ ಒಂದು ಕಾವಲಿಯಲ್ಲಿ ಒಂದು ಸರ್ತಿಗೆ ನಾಲ್ಕು ದೋಸೆ, ಮೂರು ನಿಮಿಷ, ಗಂಟೆಗೆ ಎಂಬತ್ತು. ಎರಡು ಕಾವಲಿಗೆ ನೂರ ಅರವತ್ತು. ತಲೆಗೆ ಎರಡರಂತೆ ಬೇಕಾದದ್ದು ಇನ್ನೂರ ಎಂಬತ್ತು, ಅಂದರೆ ಕಾವಲಿ ಏಳೂ ಕಾಲರಿಂದ ಒಂಬತ್ತರ ತನಕ ಬಿಡದೆ ಕೆಲಸ ಮಾಡಿದರೆ ಸರಿಹೋಗುತ್ತದೆ. ಎಲ್ಲರೂ ಎಂಟೂವರೆಗೆ ಬಂದರೆ ಮಿಕ್ಕ ಅರ್ಧ ಗಂಟೆಯಲ್ಲಿ ಎಂಬತ್ತು ದೋಸೆ ಏಳುತ್ತದೆ, ಅರವತ್ತು ಮಂದಿ ಬರಿಗೈ. ಬೇಗ ಬನ್ನಿ ಎಂದು ಬೇಡಿಕೊಂಡರೆ ಯಾರೂ ಬರುವುದಿಲ್ಲ. ಬೇಗ ಬಂದವರಿಗೆ ಬಿಸಿ ದೋಸೆ ಎಂದರೆ ಬರುತ್ತಾರೆ. ಸ್ನಾನದ ಸರದಿ ಇಲ್ಲೂ ಕೆಲಸಕ್ಕೆ ಬಂತು. ಕೆಳಸಾಲಿನವರು ಏಳಕ್ಕೇ ತಯಾರಾಗಿ ಸುಮ್ಮನೆ ಕೂತು ಏನು ಮಾಡಿಯಾರು?

ಆನೆಯ ಮಾತು ಹೇಳುವುದೋ ಬೇಡವೋ ಎಂಬ ಬಗ್ಗೆ ನಮ್ಮ ವಲಯದಲ್ಲಿ ಜಗಳವಿದೆ. ಮಾರ್ಕೆಟಿಂಗಿನವರು ಹೇಳಬೇಡಿ, ಜನ ಹೆದರುತ್ತಾರೆ ಎನ್ನುತ್ತಾರೆ. ಅದೇ ಜನ ಕರಪತ್ರದಲ್ಲಿ ಆನೆಯ ಚಿತ್ರ ಹಾಕಿಸಿರುತ್ತಾರೆ. ಹಲಸು ಹಣ್ಣಾಗುವ ಕಾಲದಲ್ಲಿ ಕೊಡಗಿನ ತೋಟಗಳಿಗೆ ಆನೆ ಬರುವುದು ಹೊಸದೇನಲ್ಲ, ಹೇಳದಿರುವುದು ತಪ್ಪು. ಆದರೆ ಹೆದರಿಸುವ ದನಿಯಲ್ಲಿ ಹೇಳಿದರೆ ನಾಲ್ಕು ಜನ ಉತ್ಸಾಹಿಗಳು ಟಾರ್ಚು ಹಿಡಿದು ನೋಡಲು ಹೋಗುವುದು ಖಚಿತ. ದೀಪದ ದಾರಿ ಬಿಡಬೇಡಿ ಎಂದು ಮೆಟ್ಟಿಲ ಪಾಚಿಯ ಜೊತೆಗೇ ಸೇರಿಸಿ ಹೇಳಿ ಮುಂದೆ ಹೋಗಬೇಕು. ನಿಜ ಹೇಳಬೇಕೆಂದರೆ ನನ್ನ ಕಾಲದಲ್ಲಿ ಡೆಲಿಗೇಟುಗಳನ್ನು ಆಸ್ಪತ್ರೆಗೆ ಕರೆದೊಯ್ದದ್ದು ಆನೆಯಿಂದಲ್ಲ, ಪಾಚಿಯಿಂದ. ಇಂಬಳದ ಮಾತನ್ನು ಭಾಷಣದಿಂದ ತೆಗೆದುಬಿಟ್ಟಿದ್ದೆ. ಅದು ಮರುದಿನ ತೋಟ ಸುತ್ತಲು ಹೋಗುವವರಿಗೆ ಬಾಗಿಲಲ್ಲಿ, ಕೈಗೆ ಉಪ್ಪಿನ ಪೊಟ್ಟಣ ಕೊಡುವಾಗ ಹೇಳುವಂಥದ್ದು. ಊಟಕ್ಕೆ ಮುಂಚೆ ಇಂಬಳ ಯಾಕೆ?

ಮಾತು ನಾಟಿತೋ ಇಲ್ಲವೋ ಎಂಬುದು ಚಪ್ಪಾಳೆಯಿಂದ ಗೊತ್ತಾಗುವುದಿಲ್ಲ. ಭಾಷಣ ಮುಗಿದ ಅರ್ಧ ಗಂಟೆ ರಿಸೆಪ್ಷನ್ನಿನಲ್ಲಿ ನಿಲ್ಲಬೇಕು. ಈಗಷ್ಟೇ ಹೇಳಿದ್ದನ್ನೇ ಎಷ್ಟು ಜನ ಬಂದು ಕೇಳುತ್ತಾರೆ ಎಂದು ಎಣಿಸಬೇಕು. ಆ ರಾತ್ರಿ ಆರು ಮಂದಿ ಕೇಳಿದರು. ಅದರಲ್ಲಿ ನಾಲ್ವರು ಒಂದೇ ಪ್ರಶ್ನೆ: ನಮ್ಮದು ಕೆಳಸಾಲೋ ಮೇಲುಸಾಲೋ? ತಪ್ಪು ನನ್ನದೇ. ಕೆಳಸಾಲು ಎನ್ನುವುದು ನಮ್ಮ ಕೆಲಸದವರ ಮಾತು, ಬಂದವರಿಗೆ ಗುಡ್ಡದ ಮೇಲು ಕೆಳಗು ಕತ್ತಲಲ್ಲಿ ಹೇಗೆ ತಿಳಿಯಬೇಕು? ರೂಮಿನ ನಂಬರು ಹೇಳಬೇಕಿತ್ತು. ಊಟ ನಡೆಯುತ್ತಿರುವಾಗಲೇ ಕಾರ್ಯದರ್ಶಿಯವರ ಕೈಯಲ್ಲಿ ಇನ್ನೊಮ್ಮೆ ಹೇಳಿಸಿದೆ: ಒಂದರಿಂದ ಮೂವತ್ತೈದು ಮೊದಲು, ಮಿಕ್ಕವರು ಆಮೇಲೆ.

ಬೆಳಗ್ಗೆ ಏಳೂ ಹತ್ತಕ್ಕೆ ಕರೆಂಟ್ ಹೋಯಿತು. ಜನರೇಟರ್ ಹಿಡಿಯಿತು, ಉಸಿರು ಬಿಗಿಹಿಡಿದು ಕೇಳುತ್ತಾ ನಿಂತೆ. ಒಂದೇ ದನಿಯಲ್ಲಿ ಓಡುತ್ತಲೇ ಇತ್ತು. ಏಳೂವರೆಗೆ ದೋಸೆ ಕಾವಲಿಯ ಮುಂದೆ ಹದಿನಾಲ್ಕು ಮಂದಿ ಇದ್ದರು. ಬೀದರಿನ ಹಿರಿಯರೊಬ್ಬರು ಮಫ್ಲರ್ ಸುತ್ತಿಕೊಂಡು ಎರಡನೇ ದೋಸೆಗೆ ಕಾಯುತ್ತಾ, "ನಿನ್ನೆ ಹೇಳಿದ ಜ್ವಾಳದ ರೊಟ್ಟಿ ಮರೀಬ್ಯಾಡ್ರಿ" ಎಂದರು.

ಲಾಗ್ ಪುಸ್ತಕದಲ್ಲಿ ಆ ದಿನ ಹತ್ತು ಸಾಲು. ಬಿಸಿನೀರಿನದು ಎರಡು, ಒಂದರಲ್ಲಿ ಗೀಸರೇ ಕೆಟ್ಟಿತ್ತು. ಇನ್ನೆರಡು ಸಾಲು ಸಣ್ಣಪುಟ್ಟವು. ಮಿಕ್ಕ ಆರೂ ರೂಮಿನವರು ಎಂಟರಿಂದ ಎಂಟೂವರೆ ಒಳಗೆ ಒಂಬತ್ತು ಒತ್ತಿ ಇಸ್ತ್ರಿ ಪೆಟ್ಟಿಗೆ ಕೇಳಿದ್ದರು. ನಮ್ಮಲ್ಲಿದ್ದದ್ದು ನಾಲ್ಕು. ಮುಂದಿನ ತಂಡದ ಹಾಳೆಯಲ್ಲಿ ಅದನ್ನು ಬರೆದುಕೊಂಡು, ಇನ್ನೂ ಆರು ಪೆಟ್ಟಿಗೆ ತರಿಸೋಣ ಎಂದು ಜನರೇಟರಿನ ಹುಡುಗನ ಎದುರಿಗೆ ಹೇಳಿದೆ. ಅವನು ಒಂದೊಂದಕ್ಕೆ ಎಷ್ಟು ವ್ಯಾಟ್ ಎಂದು ಕೇಳಿದ.